ಅಪ್ಪೆಮಿಡಿ ವಿಡಿಯೊಗೆ ಎಐ ಸಂಗೀತ: ಹಕ್ಕಿನ ಲೆಕ್ಕ ಹೀಗೆ ನೋಡಿದೆವು

ಶಿರಸಿ ಕಡೆಯ ಒಂದು ಮಹಿಳಾ ಸ್ವಸಹಾಯ ಸಂಘ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತದೆ. ಅವರಿಗೊಂದು 4 ನಿಮಿಷದ ವಿಡಿಯೊ ಬೇಕಿತ್ತು. ಯೂಟ್ಯೂಬ್‌ಗೆ ಪೂರ್ತಿ ವಿಡಿಯೊ, ಇನ್‌ಸ್ಟಾಗ್ರಾಮ್‌ಗೆ ಒಂದು ರೀಲ್, ಆಮೇಲೆ ಮೇಳಗಳಲ್ಲಿ ಮಳಿಗೆ ಹಾಕಿದಾಗ ಟಿವಿಯಲ್ಲಿ ಸುಮ್ನೆ ಓಡುತ್ತಿರಬೇಕು. ಶೂಟಿಂಗ್ ಮತ್ತು ಎಡಿಟಿಂಗ್ ನನ್ನದು. ಸಂಗೀತಕ್ಕೆ ಬಜೆಟ್ ಅಂತ ಏನೂ ಇರಲಿಲ್ಲ.

ಆದರೆ ಸಂಗೀತ ಆಗಲೇ ತಯಾರಾಗಿತ್ತು! ಸಂಘದ ಅಧ್ಯಕ್ಷೆಯ ಮಗ, ಕಾಲೇಜು ಹುಡುಗ, ಒಂದು ಎಐ ಮ್ಯೂಸಿಕ್ ಟೂಲ್‌ನಲ್ಲಿ 2 ನಿಮಿಷದ ತುಣುಕೊಂದನ್ನು ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. ಕೊಳಲು, ಹಿಂದೆ ತಂಬೂರಿ, ನಡುವೆ ಹೆಂಗಸರು ಗುನುಗುವ ಹಾಗೆ ಒಂದು ದನಿ. ಎಲ್ಲರಿಗೂ ಇಷ್ಟವಾಗಿತ್ತು. ನನಗೂ ಇಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಕೊನೆಗೆ ಅದನ್ನು ಬಳಸಲಿಲ್ಲ. ಯಾಕೆ ಬಳಸಲಿಲ್ಲ, ಬದಲಿಗೆ ಏನು ಮಾಡಿದೆವು, ಪಬ್ಲಿಷ್ ಒತ್ತುವ ಮೊದಲು ಏನೇನು ನೋಡಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಉಚಿತ ಖಾತೆಯ ಸಂಗೀತ

ಹುಡುಗನಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿದೆ. ಯಾವ ಪ್ಲಾನ್‌ನಲ್ಲಿ ಮಾಡಿದೆ? ಟೂಲ್‌ಗೆ ಏನು ಕೊಟ್ಟೆ?

"ಫ್ರೀನೇ ಅಣ್ಣ. ಇದಕ್ಕೆಂತ ದುಡ್ಡು?" ಅಂದ.

ಹೆಚ್ಚಿನ ಎಐ ಸಂಗೀತ ಟೂಲ್‌ಗಳಲ್ಲಿ ಉಚಿತ ಖಾತೆಯಲ್ಲಿ ಮಾಡಿದ್ದು ವಾಣಿಜ್ಯೇತರ ಬಳಕೆಗೆ ಮಾತ್ರ. ಅಂಥ ಟೂಲ್‌ಗಳಲ್ಲೊಂದಾದ ಸುನೋ ಇದನ್ನು ನೇರವಾಗಿಯೇ ಹೇಳುತ್ತದೆ: ಹಣ ಕಟ್ಟಿದ ಅವಧಿಯಲ್ಲಿ ಮಾಡಿದ ಹಾಡಿಗೆ ವಾಣಿಜ್ಯ ಬಳಕೆಯ ಹಕ್ಕು ಇದೆ, ಉಚಿತವಾಗಿ ಮಾಡಿದ್ದಕ್ಕೆ ಇಲ್ಲ. ಇಲ್ಲಿ ಜಾಸ್ತಿ ಜನ ಎಡವುವುದು ಮುಂದಿನ ಸಾಲಿನಲ್ಲಿ. ಇವತ್ತು ಉಚಿತವಾಗಿ ಮಾಡಿ ನಾಳೆ ಹಣ ಕಟ್ಟಿದರೆ ನಿನ್ನೆಯ ಹಾಡಿಗೆ ಹಕ್ಕು ಬರುವುದಿಲ್ಲ. ಹಾಡು ಹುಟ್ಟಿದ ಹೊತ್ತಿನಲ್ಲಿ ಖಾತೆ ಯಾವ ಪ್ಲಾನ್‌ನಲ್ಲಿತ್ತು ಅನ್ನುವುದೇ ಲೆಕ್ಕ. ಹಾಗಾಗಿ "ಈಗ ಒಂದು ತಿಂಗಳು ದುಡ್ಡು ಕಟ್ಟಿಬಿಡೋಣ, ಇದೇ ಹಾಡು ಇರಲಿ" ಅನ್ನುವ ದಾರಿ ಮುಚ್ಚಿತ್ತು.

ಅಧ್ಯಕ್ಷೆ ಕೇಳಿದ ಪ್ರಶ್ನೆ ಇನ್ನೂ ಚೆನ್ನಾಗಿತ್ತು. "ನಮ್ಮ ಚಾನೆಲ್‌ಗೆ ಜಾಹೀರಾತೇ ಬರುವುದಿಲ್ಲ, ಯೂಟ್ಯೂಬ್‌ನಿಂದ ಒಂದು ರೂಪಾಯಿ ಇಲ್ಲ, ಮತ್ತೆ ಇದು ವಾಣಿಜ್ಯ ಹೇಗಾಯಿತು?" ವಿಡಿಯೊ ಮಾಡುವವರೂ ಇದೇ ಮಾತು ಹೇಳುವುದನ್ನು ಕೇಳಿದ್ದೇನೆ. ಚಾನೆಲ್ ಮಾನಿಟೈಸ್ ಆಗಿದೆಯಾ ಅನ್ನುವುದು ಒಂದು ಗುರುತು ಅಷ್ಟೆ. ವಿಡಿಯೊದ ಕೊನೆಯಲ್ಲಿ ಬಾಟಲಿಯ ಬೆಲೆ ಇದೆ, ಆರ್ಡರ್ ಮಾಡಲು ಫೋನ್ ನಂಬರ್ ಇದೆ, ಮೇಳದಲ್ಲಿ ಅದನ್ನು ತೋರಿಸುವುದೇ ಮಾರಾಟಕ್ಕೆ. ಸಂಘ ಚಿಕ್ಕದು, ಲಾಭ ಹಂಚಿಕೊಂಡರೆ ಒಬ್ಬೊಬ್ಬರಿಗೆ ಬರುವುದು ಅಷ್ಟಕ್ಕಷ್ಟೆ, ಎಲ್ಲ ನಿಜ. ಆದರೂ ಇದು ವಸ್ತು ಮಾರುವ ವಿಡಿಯೊ. ಮದುವೆ ವಿಡಿಯೊ ಮಾಡಿಕೊಟ್ಟು ದುಡ್ಡು ತೆಗೆದುಕೊಳ್ಳುವವರಿಗೂ ಇದೇ ಮಾತು. ಮನೆಯವರು ನೋಡಲು ಮಾಡಿದ್ದೇ ಇರಬಹುದು, ನೀವು ದುಡ್ಡು ಪಡೆದು ಮಾಡಿದ್ದೀರಿ.

ಎರಡನೇ ಪ್ರಶ್ನೆಗೆ ಬಂದ ಉತ್ತರ ಇನ್ನೂ ತೊಡಕಿನದು. ಆ ಟೂಲ್‌ನಲ್ಲಿ ನಮ್ಮ ಆಡಿಯೊ ಅಪ್‌ಲೋಡ್ ಮಾಡಿ "ಇದರ ಹಾಗೆ ಮಾಡು" ಅನ್ನುವ ಸೌಲಭ್ಯ ಇದೆ. ಹುಡುಗ ಯೂಟ್ಯೂಬ್‌ನಿಂದ ಒಂದು ಜನಪದ ಗೀತೆಗಳ ಆಲ್ಬಂನ ಅರ್ಧ ನಿಮಿಷ ಇಳಿಸಿಕೊಂಡು ಅದನ್ನೇ ಹಾಕಿದ್ದ. ನಡುವೆ ಬರುವ ಆ ಹೆಂಗಸರ ಗುನುಗು ಅಲ್ಲಿಂದ ಬಂದದ್ದು.

"ಜನಪದ ಅಲ್ವಾ ಅಣ್ಣ, ಅದು ಎಲ್ಲರದ್ದು" ಅಂದ. ಅರ್ಧ ಸರಿ. ಯಾರು ಕಟ್ಟಿದರೋ ಗೊತ್ತಿಲ್ಲದ ಹಳೆಯ ಸಂಪ್ರದಾಯದ ಹಾಡಿಗೆ ಒಡೆಯ ಇಲ್ಲ. ಆದರೆ ಅದನ್ನು ಒಬ್ಬರು ಹಾಡಿ, ಇನ್ನೊಬ್ಬರು ವಾದ್ಯ ಸೇರಿಸಿ, ಒಂದು ಕಂಪನಿ ರೆಕಾರ್ಡ್ ಮಾಡಿ ಬಿಟ್ಟರೆ ಆ ರೆಕಾರ್ಡಿಂಗ್‌ಗೆ ಒಡೆಯ ಇದ್ದಾನೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಹಾಡಿದವರಿಗೆ ಪ್ರದರ್ಶಕರ ಹಕ್ಕು ಅಂತ ಬೇರೆಯೇ ಇದೆ, ಅದು 50 ವರ್ಷ. ಆಲ್ಬಂನ ಮೊದಲಲ್ಲಿ ಸಂಗೀತ ಸಂಯೋಜಕರ ಹೆಸರು ಇದ್ದರೆ ಅವರು ಸೇರಿಸಿದ ಭಾಗವೂ ಅವರದು. ಇದರ ಮೇಲೆ, ಅಪ್‌ಲೋಡ್ ಒತ್ತುವಾಗ ಟೂಲ್ ಒಂದು ಚೌಕಕ್ಕೆ ಟಿಕ್ ಹಾಕಿಸಿಕೊಳ್ಳುತ್ತದೆ: ಈ ಆಡಿಯೊ ಬಳಸುವ ಹಕ್ಕು ನನಗಿದೆ ಅಂತ. ಹುಡುಗ ಟಿಕ್ ಹಾಕಿದ್ದ. ಅಂದರೆ ನಾಳೆ ಜಗಳ ಬಂದರೆ ಕಂಪನಿ ಆ ಟಿಕ್ ತೋರಿಸಿ ಕೈ ತೊಳೆದುಕೊಳ್ಳುತ್ತದೆ.

ಹುಡುಗನ ತುಣುಕನ್ನು ಬದಿಗಿಟ್ಟೆವು. ಅವನಿಗೆ ಸ್ವಲ್ಪ ಬೇಜಾರಾಯಿತು. ಆದರೆ ಮುಂದಿನ ಕೆಲಸವನ್ನು ಅವನ ಜೊತೆ ಕೂತೇ ಮಾಡಿದೆವು, ಟೂಲ್ ಬಳಸುವುದರಲ್ಲಿ ಅವನು ನನಗಿಂತ ಚುರುಕು.

ಅಜ್ಜಿಯ ಹಾಡು, ಕೆಳಗೆ ಎಐ ಕೊಳಲು

ಆ ಗುನುಗು ಎಲ್ಲರಿಗೂ ಇಷ್ಟವಾಗಿತ್ತು ಅಂದೆನಲ್ಲ. ಹಾಗಾದರೆ ಸಂಘದಲ್ಲೇ ಹಾಡುವವರಿಲ್ಲವಾ ಅಂತ ಕೇಳಿದೆ. ಮಿಡಿ ತೊಟ್ಟು ಕತ್ತರಿಸುತ್ತಾ ಕೂತ ಒಬ್ಬ ಅಜ್ಜಿ ಇದ್ದರು, ತಮ್ಮ ಅಮ್ಮನಿಂದ ಕಲಿತ ಮದುವೆ ಹಾಡುಗಳು ಅವರಿಗೆ ಬಾಯಿಪಾಠ. ಒಂದು ಮಧ್ಯಾಹ್ನ ಉಪ್ಪಿನಕಾಯಿ ಭರಣಿಗಳ ಕೋಣೆಯಲ್ಲೇ, ಫ್ಯಾನ್ ಆರಿಸಿ, ಕಾಲರ್ ಮೈಕ್ ಹಾಕಿ ಅವರಿಂದ ಹಾಡಿಸಿ ರೆಕಾರ್ಡ್ ಮಾಡಿದೆವು.

ಈಗ ಹುಡುಗ ಕೇಳಿದ: ಅಜ್ಜಿಯ ದನಿಯನ್ನೇ ಟೂಲ್‌ಗೆ ಹಾಕಿ ಹಿಂದೆ ವಾದ್ಯ ಸೇರಿಸಬಹುದಲ್ಲ? ಆಗುತ್ತದೆ, ಚೆನ್ನಾಗಿಯೂ ಬರಬಹುದು. ನಾನು ಬೇಡ ಅಂದೆ. ನಾವು ಹಾಕಿದ ಆಡಿಯೊವನ್ನು ಕಂಪನಿ ತನ್ನ ಸೇವೆ ಸುಧಾರಿಸಲು ಬಳಸಬಹುದು ಅಂತ ಇಂಥ ಹಲವು ಟೂಲ್‌ಗಳ ಷರತ್ತುಗಳಲ್ಲಿ ಇರುತ್ತದೆ. ಮಾಡೆಲ್‌ಗೆ ಕಲಿಸುವುದೂ ಅದರೊಳಗೆ ಬರಬಹುದು. ಅಜ್ಜಿ ನಮಗೆ ಹಾಡಿದ್ದು ಉಪ್ಪಿನಕಾಯಿ ವಿಡಿಯೊಗೆ. ಅವರ ದನಿ ಎಲ್ಲೋ ಒಂದು ಮಾಡೆಲ್ ಒಳಗೆ ಕೂರುವುದಕ್ಕೆ ಅವರು ಒಪ್ಪಿದ್ದಾರೆ ಅಂತ ನಾನು ಹೇಳಲಾರೆ, ಅದನ್ನು ಅವರಿಗೆ ಸರಿಯಾಗಿ ವಿವರಿಸುವುದೂ ಕಷ್ಟ. ದನಿಯ ವಿಷಯ ನಮ್ಮ ಕೋರ್ಟುಗಳಿಗೂ ಬಂದಿದೆ. ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಎಐನಿಂದ ನಕಲು ಮಾಡುವುದರ ವಿರುದ್ಧ 2024ರಲ್ಲಿ ಬಾಂಬೆ ಹೈಕೋರ್ಟ್ ತಡೆ ಕೊಟ್ಟಿತು. ಅದು ಹೆಸರುವಾಸಿ ಗಾಯಕರ ಪ್ರಕರಣ. ಅಜ್ಜಿಯ ಪರವಾಗಿ ಯಾರೂ ಹೈಕೋರ್ಟಿಗೆ ಹೋಗುವುದಿಲ್ಲ. ಹಾಗಾಗಿ ನಾವೇ ಜಾಸ್ತಿ ಜಾಗ್ರತೆ ಮಾಡಬೇಕು ಅನ್ನುವುದು ನನ್ನ ಲೆಕ್ಕ.

ಅಜ್ಜಿಯಿಂದ ಕನ್ನಡದಲ್ಲೇ ಒಂದು ಪುಟದ ಒಪ್ಪಿಗೆ ಪತ್ರ ಬರೆಸಿಕೊಂಡೆವು. ಯಾವ ಹಾಡು, ಯಾವ ದಿನ ಹಾಡಿದ್ದು, ಈ ವಿಡಿಯೊ ಮತ್ತು ಇದರ ಚಿಕ್ಕ ತುಣುಕುಗಳಲ್ಲಿ ಮಾರಾಟದ ಉದ್ದೇಶಕ್ಕೆ ಬಳಸಬಹುದು, ಎಐ ಟೂಲ್‌ಗೆ ಹಾಕುವುದಿಲ್ಲ, ಎಷ್ಟು ಹಣ ಕೊಟ್ಟಿದ್ದೇವೆ. ಓದಿ ಹೇಳಿ ಸಹಿ ಹಾಕಿಸಿಕೊಂಡೆವು.

ಇನ್ನು ಎಐನಿಂದ ಬೇಕಾದದ್ದು ಹಿನ್ನೆಲೆಯ ಕೊಳಲು, ಶ್ರುತಿ ಮತ್ತು ಅಲ್ಲಲ್ಲಿ ಒಂದು ಕೈವಾದ್ಯದ ಬಡಿತ ಮಾತ್ರ. ಅದು ಅಜ್ಜಿಯ ಶ್ರುತಿಗೆ ಕೂಡಬೇಕು. ಅಜ್ಜಿ ಹಾಡಿದ್ದು ಕಪ್ಪು ಮೂರರಲ್ಲಿ, ಅಂದರೆ ಎಫ್ ಶಾರ್ಪ್. ಹಾಡಿನಲ್ಲಿ ಬರುವ ಸ್ವರಗಳು ಸ ರಿ ಗ ಪ ದ, ಮೋಹನ ರಾಗದವು. ಟೂಲ್‌ಗೆ ಬರೆದುಕೊಡುವ ಸೂಚನೆಯಲ್ಲಿ, ಅಂದರೆ ಪ್ರಾಂಪ್ಟ್‌ನಲ್ಲಿ, ಮೋಹನ ಅಂತಲೇ ಬರೆದು ನೋಡಿದೆವು. ರಾಗದ ಹೆಸರು ಕಂಡ ಕೂಡಲೇ ಟೂಲ್ ಸಿತಾರ್, ತಬಲಾ ತಂದು ಟೂರಿಸಂ ಜಾಹೀರಾತಿನ ಹಾಗೆ ಮಾಡಿಬಿಡುತ್ತದೆ, ಸ್ವರ ಮಾತ್ರ ರಾಗದ್ದಲ್ಲ. ಪಾಶ್ಚಾತ್ಯರ ಲೆಕ್ಕದಲ್ಲಿ ಹೇಳಿದಾಗ ಸುಧಾರಿಸಿತು. ಅದೇ ಐದು ಸ್ವರಗಳಿಗೆ ಅವರು ಮೇಜರ್ ಪೆಂಟಾಟೋನಿಕ್ ಅನ್ನುತ್ತಾರೆ. ಕೊನೆಗೆ ಉಳಿದ ಪ್ರಾಂಪ್ಟ್ ಇದು:

```
instrumental, solo bamboo flute, soft tanpura drone,
sparse hand drum, F# major pentatonic, 72 bpm,
slow, warm, lots of space
Exclude: vocals, choir, sitar, tabla, strings
```

ಯಾವ ಕಲಾವಿದರ ಹೆಸರೂ ಇಲ್ಲ, ಯಾವ ಹಾಡಿನ ಹೆಸರೂ ಇಲ್ಲ ನೋಡಿ. "ಇಂಥವರ ಕೊಳಲಿನ ಹಾಗೆ" ಅಂತ ಬರೆಯುವುದನ್ನು ಹಲವು ಟೂಲ್‌ಗಳು ಅವೇ ತಡೆಯುತ್ತವೆ. ತಡೆಯದಿದ್ದರೂ ಬರೆಯಬೇಡಿ. ಪ್ರಾಂಪ್ಟ್ ನಿಮ್ಮ ಖಾತೆಯಲ್ಲಿ ಉಳಿಯುತ್ತದೆ. ನಾಳೆ ಯಾರಾದರೂ ನಮ್ಮದನ್ನು ನಕಲು ಮಾಡಿದ್ದಾರೆ ಅಂದರೆ, ಹೌದು ಅದನ್ನೇ ಕೇಳಿದ್ದೆ ಅಂತ ನೀವೇ ಬರೆದುಕೊಟ್ಟ ಹಾಗೆ.

72 ಬಿಪಿಎಂ, ಅಂದರೆ ನಿಮಿಷಕ್ಕೆ 72 ಬಡಿತ, ಯಾಕೆ ಅಂದರೆ ಎಡಿಟಿಂಗ್‌ಗೆ ಅನುಕೂಲ. ನಾಲ್ಕು ಬಡಿತದ ಮೂರು ಬಾರ್ ಸರಿಯಾಗಿ 10 ಸೆಕೆಂಡ್ ಆಗುತ್ತದೆ. ಸಂಗೀತವನ್ನು ಈ 10 ಸೆಕೆಂಡಿನ ಲೆಕ್ಕದಲ್ಲಿ ಕತ್ತರಿಸಿ ಅಂಟಿಸಿದರೆ ತಾಳ ತಪ್ಪುವುದಿಲ್ಲ, ದೃಶ್ಯವನ್ನೂ 10, 20 ಸೆಕೆಂಡಿಗೆ ಬದಲಾಯಿಸಿದರೆ ತಾನಾಗಿ ಕೂತುಕೊಳ್ಳುತ್ತದೆ. ಟೂಲ್ ಶ್ರುತಿಯನ್ನು ಯಾವಾಗಲೂ ಪಾಲಿಸುವುದಿಲ್ಲ. ನಾವು ಆರಿಸಿದ ತುಣುಕು ಜಿ ಶ್ರುತಿಯಲ್ಲಿ ಬಂತು. ಎಡಿಟರ್‌ನಲ್ಲಿ ಅರ್ಧ ಮನೆ ಇಳಿಸಿದೆ. ಒಂದೆರಡು ಮನೆಯವರೆಗೆ ಏರಿಳಿಸಿದರೆ ಕೊಳಲಿನ ನಾದ ಕೆಡುವುದಿಲ್ಲ, ಅದಕ್ಕಿಂತ ಜಾಸ್ತಿ ಮಾಡಿದರೆ ಪೀಪಿಯ ಹಾಗೆ ಕೇಳುತ್ತದೆ.

ಆರಿಸುವಾಗ ಫೋನಿನ ತಂಬೂರಿ ಆ್ಯಪ್ ಹಾಕಿಕೊಂಡು ಪ್ರತಿಯೊಂದನ್ನೂ ಕೇಳಿದೆವು. ಎಐ ಕೊಳಲು ಮೊದಲ ಅರ್ಧ ನಿಮಿಷ ಶಿಸ್ತಾಗಿರುತ್ತದೆ. ಆಮೇಲೆ ಮೆಲ್ಲಗೆ ಮ, ನಿ ಸ್ವರಗಳಿಗೆ ಜಾರಿ ಸಿನಿಮಾ ಹಿನ್ನೆಲೆಯ ಹಾಗಾಗುತ್ತದೆ. ಅಂಥದ್ದನ್ನು ಅಜ್ಜಿಯ ಹಾಡಿನ ಕೆಳಗೆ ಹಾಕಿದರೆ ಅಜ್ಜಿಯೇ ಅಪಸ್ವರ ಹಾಡಿದ ಹಾಗೆ ಕೇಳುತ್ತದೆ! ಪೂರ್ತಿ 2 ನಿಮಿಷ ಚೆನ್ನಾಗಿದ್ದದ್ದು ಒಂದೂ ಸಿಗಲಿಲ್ಲ. ಒಂದರ ಮೊದಲ 40 ಸೆಕೆಂಡ್, ಇನ್ನೊಂದರ ನಡುವಿನ 30 ಸೆಕೆಂಡ್, ಹೀಗೆ ಜೋಡಿಸಿಕೊಂಡೆವು.

ಒಂದು ತುಣುಕು ತುಂಬಾ ಚೆನ್ನಾಗಿತ್ತು, ಆದರೆ ಮೊದಲ ಎರಡು ಬಾರ್ ಎಲ್ಲೋ ಕೇಳಿದ ಹಾಗಿತ್ತು. ಇಂಥ ಅನುಮಾನ ಬಂದಾಗ ಗೂಗಲ್ ಆ್ಯಪ್‌ನಲ್ಲಿ ಹಾಡನ್ನು ಗುನುಗಿ ಹುಡುಕುವ ಸೌಲಭ್ಯ ಇದೆ, ಅದನ್ನು ಬಳಸಿ. ಗುನುಗಿದಾಗ ಹಳೆಯ ಒಂದು ಭಾವಗೀತೆ ಮೇಲೆ ಬಂತು. ಬಿಟ್ಟೆವು. ಶಜಾಮ್ ರೀತಿಯ ಆ್ಯಪ್ ಇಲ್ಲಿ ಅಷ್ಟು ಉಪಯೋಗವಿಲ್ಲ, ಅದು ಹಿಡಿಯುವುದು ಅದೇ ರೆಕಾರ್ಡಿಂಗನ್ನು. ಎಐ ಹೊಸದಾಗಿ ನುಡಿಸಿದ ಹಳೆಯ ಧಾಟಿ ಅದಕ್ಕೆ ಸಿಗುವುದಿಲ್ಲ. ಕೊನೆಗೆ ಕಿವಿಯೇ ಗತಿ. ಮನೆಯಲ್ಲಿ ಹಾಡು ಜಾಸ್ತಿ ಕೇಳುವವರು ಒಬ್ಬರಿದ್ದರೆ ಅವರಿಗೆ ಕೇಳಿಸಿ, "ಇದು ಯಾವ ಹಾಡಿನ ಹಾಗಿದೆ?" ಅಂತ ಕೇಳಿದರೆ ಆಯಿತು.

ಮಿಕ್ಸ್ ವಿಷಯ ಎರಡೇ ಮಾತು. ನಿರೂಪಣೆಯ ದನಿಗಿಂತ ಸಂಗೀತವನ್ನು ಸುಮಾರು 18ರಿಂದ 20 ಡೆಸಿಬೆಲ್ ಕೆಳಗಿಟ್ಟೆ, ಸಂಗೀತದಲ್ಲಿ 2ರಿಂದ 4 ಕಿಲೋಹರ್ಟ್ಸ್ ಭಾಗವನ್ನು ಸ್ವಲ್ಪ ಇಳಿಸಿದೆ. ಮಾತಿನ ವ್ಯಂಜನಗಳು ಸ್ಪಷ್ಟವಾಗುವುದು ಅಲ್ಲೇ, ಕೊಳಲು ಕಚ್ಚುವುದೂ ಅಲ್ಲೇ.

ಷರತ್ತು ಓದಿದ್ದು, ಕಡತ ಮಾಡಿದ್ದು

ಪ್ರಾಂಪ್ಟ್ ಬರೆಯುವ ಮೊದಲೇ ಸಂಘದ ಇಮೇಲ್‌ನಲ್ಲಿ ಖಾತೆ ತೆರೆದು ಒಂದು ತಿಂಗಳಿಗೆ ಹಣ ಕಟ್ಟಿದ್ದೆವು. ನನ್ನ ಖಾತೆಯಲ್ಲಿ ಮಾಡಬಹುದಿತ್ತು, ಆದರೆ ಹಕ್ಕು ಖಾತೆಯವರಿಗೆ ಬರುವುದು. ನಾನು ಅವರಿಗೆ ಕೊಡಬಹುದೋ ಇಲ್ಲವೋ ಅನ್ನುವ ಇನ್ನೊಂದು ಗಂಟು ಯಾಕೆ?

ಷರತ್ತುಗಳ ಪುಟ ಪೂರ್ತಿ ಓದುವ ತಾಳ್ಮೆ ಯಾರಿಗೂ ಇಲ್ಲ, ನನಗೂ ಇಲ್ಲ. ನಾನು ಹುಡುಕಿದ್ದು ಇಷ್ಟು: ಈ ಪ್ಲಾನ್‌ನಲ್ಲಿ ವಾಣಿಜ್ಯ ಬಳಕೆ ಇದೆಯಾ, ಚಂದಾ ನಿಲ್ಲಿಸಿದ ಮೇಲೂ ಹಕ್ಕು ಉಳಿಯುತ್ತದಾ, ಜಾಹೀರಾತು ಅಥವಾ ಸಾರ್ವಜನಿಕ ಪ್ರದರ್ಶನಕ್ಕೆ ಬೇರೆ ನಿರ್ಬಂಧ ಇದೆಯಾ, ಮೂರನೆಯವರು ಕೇಸ್ ಹಾಕಿದರೆ ಯಾರು ಹೊಣೆ. ಕೊನೆಯದಕ್ಕೆ ಉತ್ತರ ಹೆಚ್ಚಿನ ಕಡೆ ಒಂದೇ, ಸಣ್ಣ ಪ್ಲಾನ್‌ನವರಿಗೆ ಹೊಣೆ ನಿಮ್ಮದೇ. ಇದನ್ನು ಸಂಘದವರಿಗೆ ಮುಚ್ಚಿಡದೆ ಹೇಳಿದೆ. ಯಾಕೆಂದರೆ ಈ ಕಂಪನಿಗಳ ಮೇಲೇ ಕೇಸುಗಳಿವೆ. ತಮ್ಮ ಹಾಡುಗಳನ್ನು ಕೇಳದೆ ಬಳಸಿ ಮಾಡೆಲ್‌ಗೆ ಕಲಿಸಿದ್ದಾರೆ ಅಂತ ಯೂನಿವರ್ಸಲ್, ಸೋನಿ, ವಾರ್ನರ್ ಅನ್ನುವ ಮೂರು ದೊಡ್ಡ ಸಂಗೀತ ಕಂಪನಿಗಳು 2024ರ ಜೂನ್‌ನಲ್ಲಿ ಅಮೆರಿಕದಲ್ಲಿ ಸುನೋ ಮತ್ತು ಯುಡಿಯೋ ಮೇಲೆ ದಾವೆ ಹೂಡಿದವು. ಪರವಾನಗಿ ಇರುವ ಸಂಗೀತದಿಂದಲೇ ಕಲಿಸಿದ್ದೇವೆ ಅನ್ನುವ ಟೂಲ್‌ಗಳೂ ಈಗ ಇವೆ, ಇಲೆವೆನ್‌ಲ್ಯಾಬ್ಸ್ 2025ರಲ್ಲಿ ಹಾಗೆ ಹೇಳಿಕೊಂಡೇ ಸಂಗೀತಕ್ಕೆ ಇಳಿಯಿತು. ಅಂಥ ಕಡೆಯೂ ಯಾವ ಪ್ಲಾನ್‌ಗೆ ಯಾವ ಬಳಕೆ ಅನ್ನುವುದನ್ನು ನೋಡಲೇಬೇಕು.

ಇನ್ನೊಂದು, ಆರಿಸಿದ ತುಣುಕುಗಳನ್ನು ಅವತ್ತೇ ಡೌನ್‌ಲೋಡ್ ಮಾಡಿ ಎರಡು ಕಡೆ ಇಟ್ಟೆವು. ಇದು ಅತಿ ಜಾಗ್ರತೆ ಅಲ್ಲ. 2025ರ ಅಕ್ಟೋಬರ್ ಕೊನೆಯಲ್ಲಿ ಯುಡಿಯೋ ಕಂಪನಿ ಯೂನಿವರ್ಸಲ್ ಜೊತೆ ರಾಜಿ ಮಾಡಿಕೊಂಡಿತು. ಅದರ ಬೆನ್ನಿಗೇ ಡೌನ್‌ಲೋಡ್ ನಿಂತುಹೋಯಿತು. ಜನ ಬೊಬ್ಬೆ ಹಾಕಿದ ಮೇಲೆ ಹಳೆಯ ಹಾಡುಗಳನ್ನು ಇಳಿಸಿಕೊಳ್ಳಲು 48 ಗಂಟೆ ಕೊಟ್ಟರು, ಅಷ್ಟೆ. ಅದರ ಮುಂದಿನ ತಿಂಗಳು ವಾರ್ನರ್ ಜೊತೆ ಒಪ್ಪಂದವಾದಾಗ ಸುನೋ ಕೂಡ, ಮುಂದೆ ಉಚಿತ ಖಾತೆಯವರು ಡೌನ್‌ಲೋಡ್ ಮಾಡುವಂತಿಲ್ಲ, ಹಣ ಕಟ್ಟಿದವರಿಗೂ ತಿಂಗಳಿಗೊಂದು ಮಿತಿ ಅಂತ ಘೋಷಿಸಿತು. ಟೂಲ್‌ನ ಲೈಬ್ರರಿ ನಿಮ್ಮ ಕಪಾಟಲ್ಲ.

ಷರತ್ತುಗಳೂ ಹೀಗೇ ಬದಲಾಗುವುದರಿಂದ, ಅವತ್ತಿನ ಷರತ್ತು ಪುಟವನ್ನು ಪಿಡಿಎಫ್ ಮಾಡಿಟ್ಟೆವು. ಅದರ ಜೊತೆ ಹಣ ಕಟ್ಟಿದ ರಸೀದಿ, ಪ್ರತಿ ತುಣುಕಿನ ಲಿಂಕ್, ಪ್ರಾಂಪ್ಟ್, ಮಾಡಿದ ದಿನಾಂಕ ಕಾಣುವ ಸ್ಕ್ರೀನ್‌ಶಾಟ್, ಅಜ್ಜಿಯ ಪತ್ರ. ಎಲ್ಲ ಒಂದೇ ಫೋಲ್ಡರ್.

ಕಾಗದದ ಕೆಲಸದಲ್ಲಿ ಇನ್ನೊಂದು ತೊಡಕಿತ್ತು. ವಿಡಿಯೊಗೆ ಸ್ವಲ್ಪ ಹಣ ಕೊಟ್ಟ ಕಚೇರಿಯ ಒಪ್ಪಂದದಲ್ಲಿ "ವಿಡಿಯೊ ಮತ್ತು ಅದರ ಮೂಲ ಸಂಗೀತದ ಸಂಪೂರ್ಣ, ಏಕಮಾತ್ರ ಕಾಪಿರೈಟ್" ವರ್ಗಾಯಿಸಬೇಕು ಅಂತ ಒಂದು ಸಾಲಿತ್ತು. ಎಲ್ಲ ಒಪ್ಪಂದದಲ್ಲೂ ಇರುವ ಸಾಲೇ. ಆದರೆ ಎಐ ಸಂಗೀತಕ್ಕೆ ಅಂಥ ಮಾತು ಕೊಡಲು ಬರುವುದಿಲ್ಲ. ನಮ್ಮ ಕಾಯ್ದೆಯ 2(ಡಿ)(6)ನೇ ಕಲಮು ಕಂಪ್ಯೂಟರ್‌ನಿಂದ ಆದ ಕೃತಿಗೆ, ಅದು ಆಗುವಂತೆ ಮಾಡಿದ ವ್ಯಕ್ತಿಯೇ ಕರ್ತೃ ಅನ್ನುತ್ತದೆ. ಕೇಳಲು ನಮಗೆ ಅನುಕೂಲವಾಗಿಯೇ ಇದೆ. ಆದರೆ ಆ ಮಾತು ಇಂಥ ಟೂಲ್‌ಗಳು ಹುಟ್ಟುವುದಕ್ಕಿಂತ ತುಂಬಾ ಹಿಂದೆ ಬರೆದದ್ದು, ನಾಲ್ಕು ಸಾಲು ಪ್ರಾಂಪ್ಟ್ ಬರೆದವನಿಗೆ ಅದು ಸಲ್ಲುತ್ತದೆ ಅಂತ ನಂಬಿ ಸಹಿ ಹಾಕುವ ಧೈರ್ಯ ನನಗಿಲ್ಲ. ಅಮೆರಿಕದ ಕಾಪಿರೈಟ್ ಕಚೇರಿ 2025ರ ಜನವರಿಯ ವರದಿಯಲ್ಲಿ, ಪ್ರಾಂಪ್ಟ್ ಬರೆದ ಮಾತ್ರಕ್ಕೆ ಕಾಪಿರೈಟ್ ಇಲ್ಲ, ಮನುಷ್ಯ ಜೋಡಿಸಿದ, ತಿದ್ದಿದ ಭಾಗಕ್ಕೆ ಇರಬಹುದು ಅಂತ ಹೇಳಿದೆ. ನಮ್ಮ ವಿಡಿಯೊ ಯೂಟ್ಯೂಬ್‌ನಲ್ಲಿ ಅಲ್ಲಿಯೂ ಕಾಣುತ್ತದೆ. ಇದೆಲ್ಲ ಬಿಟ್ಟರೂ, ಅಂಥದ್ದೇ ಪ್ರಾಂಪ್ಟ್ ಬರೆದ ಇನ್ನೊಬ್ಬರಿಗೆ ಟೂಲ್ ಹೆಚ್ಚುಕಡಿಮೆ ಅದೇ ಕೊಳಲನ್ನು ಕೊಟ್ಟರೆ ತಡೆಯುವವರು ಯಾರು?

ಕಚೇರಿಯವರ ಜೊತೆ ಮಾತಾಡಿ ಸಾಲು ಬದಲಾಯಿಸಿದೆವು: ದೃಶ್ಯ ಮತ್ತು ನಿರೂಪಣೆಯ ಹಕ್ಕು ಪೂರ್ತಿ ವರ್ಗಾವಣೆ, ಹಾಡು ಅಜ್ಜಿಯ ಒಪ್ಪಿಗೆ ಪತ್ರದ ಮಿತಿಯಲ್ಲಿ, ಹಿನ್ನೆಲೆ ಸಂಗೀತ ಎಐ ಟೂಲ್‌ನಿಂದ ಮಾಡಿದ್ದು ಮತ್ತು ಅದರ ಬಳಕೆ ಟೂಲ್‌ನ ಷರತ್ತಿಗೆ ಒಳಪಟ್ಟದ್ದು, ಏಕಮಾತ್ರ ಹಕ್ಕಿನ ಭರವಸೆ ಇಲ್ಲ. ಅವರು ಗೊಣಗದೆ ಒಪ್ಪಿದರು. ಸಂಘಕ್ಕೆ ಮುಂದೆ ಎಲ್ಲ ಜಾಹೀರಾತಿನಲ್ಲೂ ಗುರುತಾಗುವ ಒಂದು ಧಾಟಿ ಬೇಕು ಅನಿಸಿದರೆ, ಅದನ್ನು ಎಐನಿಂದ ಮಾಡಿಸಬೇಡಿ, ಊರಲ್ಲೇ ಕೊಳಲು ನುಡಿಸುವವರಿಗೆ ದುಡ್ಡು ಕೊಟ್ಟು ಬರೆಸಿಕೊಳ್ಳಿ ಅಂತಲೂ ಹೇಳಿದೆ. ಬೇರೆಯವರನ್ನು ತಡೆಯಲಾಗದ ಗುರುತು ಗುರುತೇ ಅಲ್ಲ.

ಅಪ್‌ಲೋಡ್, ಮತ್ತು ಬೇರೆ ಕಡೆಯಿಂದ ಬಂದ ಕ್ಲೇಮ್

ಬಿಡುಗಡೆಗೆ ಸಾಕಷ್ಟು ದಿನ ಇರುವಾಗಲೇ ವಿಡಿಯೊವನ್ನು ಯೂಟ್ಯೂಬ್‌ಗೆ ಪ್ರೈವೇಟ್ ಆಗಿ ಹಾಕಿದೆವು. ಅಪ್‌ಲೋಡ್ ಮಾಡುವಾಗ Checks ಅನ್ನುವ ಹಂತ ಬರುತ್ತದೆ. ಅಲ್ಲಿ ಯೂಟ್ಯೂಬ್ ನಿಮ್ಮ ವಿಡಿಯೊವನ್ನು ಹಕ್ಕುದಾರರು ಕೊಟ್ಟ ಹಾಡು, ವಿಡಿಯೊಗಳಿರುವ ತನ್ನ ಕಂಟೆಂಟ್ ಐಡಿ ಸಂಗ್ರಹದ ಜೊತೆ ಹೋಲಿಸಿ ನೋಡುತ್ತದೆ. ನನಗೆ ಭಯ ಇದ್ದದ್ದು ಎಐ ಕೊಳಲಿನ ಬಗ್ಗೆ. ಯಾಕೆಂದರೆ ಎಐನಲ್ಲಿ ಮಾಡಿದ ಹಾಡನ್ನು ತಮ್ಮದೇ ಅಂತ ವಿತರಕರ ಮೂಲಕ ಕಂಟೆಂಟ್ ಐಡಿಗೆ ಸೇರಿಸುವವರು ಇದ್ದಾರೆ. ಏಕಮಾತ್ರ ಹಕ್ಕು ಇರುವವರಷ್ಟೇ ಸೇರಿಸಬೇಕು ಅಂತ ಯೂಟ್ಯೂಬ್ ನಿಯಮ ಇದೆ, ಆದರೂ ಸೇರಿಸುತ್ತಾರೆ. ಅದೇ ಟೂಲ್‌ನ ಹೋಲುವ ತುಣುಕು ನಮ್ಮಲ್ಲಿದ್ದರೆ ಕ್ಲೇಮ್ ನಮ್ಮ ಮೇಲೆ.

ಕೊಳಲು ಸಲೀಸಾಗಿ ಪಾಸಾಯಿತು. ಕ್ಲೇಮ್ ಬಂದದ್ದು ಅಜ್ಜಿಯ ಹಾಡಿಗೆ!

ಒಂದು ಆಡಿಯೊ ಕಂಪನಿ ಅದೇ ಮದುವೆ ಹಾಡನ್ನು ಬೇರೆ ಗಾಯಕಿಯಿಂದ ಹಾಡಿಸಿ ಆಲ್ಬಂ ಮಾಡಿತ್ತು. ಕಂಟೆಂಟ್ ಐಡಿ ರೆಕಾರ್ಡಿಂಗ್ ಮಾತ್ರ ಅಲ್ಲ, ಧಾಟಿಯನ್ನೂ ಹೋಲಿಸುತ್ತದೆ. ಯಂತ್ರಕ್ಕೆ ಧಾಟಿ ಒಂದೇ ಅಂತ ಕಂಡಿತು, ಕ್ಲೇಮ್ ಹಾಕಿತು. ಅಧ್ಯಕ್ಷೆಗೆ ಗಾಬರಿ, ಚಾನೆಲ್ ಹೋಗುತ್ತದಾ ಅಂತ. ಇಲ್ಲ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಬಂದರೆ ಆ ವಿಡಿಯೊದ ಜಾಹೀರಾತು ಹಣ ಅವರಿಗೆ ಹೋಗಬಹುದು, ಕೆಲವು ಸಲ ವಿಡಿಯೊ ಕೆಲವು ದೇಶಗಳಲ್ಲಿ ಕಾಣದೆ ಹೋಗಬಹುದು, ಚಾನೆಲ್‌ಗೆ ಪೆಟ್ಟಿಲ್ಲ. ಸ್ಟ್ರೈಕ್ ಬರುವುದು ಹಕ್ಕುದಾರರು ವಿಡಿಯೊ ತೆಗೆಯಿರಿ ಅಂತ ಕಾನೂನು ಪ್ರಕಾರ ಅರ್ಜಿ ಹಾಕಿದಾಗ. 90 ದಿನದೊಳಗೆ ಅಂಥದ್ದು ಮೂರು ಆದರೆ ಚಾನೆಲ್ ಹೋಗಬಹುದು.

ಡಿಸ್ಪ್ಯೂಟ್ ಒತ್ತಿ ಬರೆದೆವು. ಹಾಡು ಸಂಪ್ರದಾಯದ್ದು, ನಿಮ್ಮ ರೆಕಾರ್ಡಿಂಗ್ ನಾವು ಬಳಸಿಲ್ಲ, ಹಾಡಿದವರು ನಮ್ಮ ಸಂಘದ ಸದಸ್ಯೆ, ಇಂಥ ದಿನ ರೆಕಾರ್ಡ್ ಮಾಡಿದ್ದೇವೆ, ಅವರ ಲಿಖಿತ ಒಪ್ಪಿಗೆ ಇದೆ, ನಿಮ್ಮ ಆಲ್ಬಂನ ವಾದ್ಯಸಂಯೋಜನೆಯ ಯಾವ ಭಾಗವೂ ಇದರಲ್ಲಿಲ್ಲ. ಕೊನೆಯ ಮಾತು ಬರೆಯುವ ಮೊದಲು ಆ ಆಲ್ಬಂ ಹಾಡನ್ನು ಕೂತು ಕೇಳಿದೆವು. ಅದರಲ್ಲಿ ಸಂಯೋಜಕರು ಸೇರಿಸಿದ ಒಂದು ಹೊಸ ಚರಣದ ತಿರುವು ಇತ್ತು. ಅಜ್ಜಿ ಅದನ್ನು ಹಾಡಿರಲಿಲ್ಲ. ಹಾಡಿದ್ದರೆ ನಮ್ಮ ವಾದ ಅಷ್ಟು ಗಟ್ಟಿ ಇರುತ್ತಿರಲಿಲ್ಲ. ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ. ನಮ್ಮ ಅದೃಷ್ಟಕ್ಕೆ ಅಷ್ಟು ಕಾಯಿಸದೆ ಕ್ಲೇಮ್ ಬಿಟ್ಟುಕೊಟ್ಟರು. ಮೇಳದ ಹಿಂದಿನ ರಾತ್ರಿ ಅಪ್‌ಲೋಡ್ ಮಾಡಿದ್ದರೆ ಕಥೆ ಬೇರೆ ಇರುತ್ತಿತ್ತು, ಅಲ್ವಾ?

ಪಬ್ಲಿಷ್ ಮಾಡುವಾಗ, ಬದಲಿಸಿದ ಅಥವಾ ಕೃತಕವಾಗಿ ಮಾಡಿದ ಅಂಶ ಇದೆಯಾ ಅಂತ ಕೇಳುವ Altered content ಪ್ರಶ್ನೆಗೆ Yes ಒತ್ತಿದೆವು. ಎಐನಿಂದ ಮಾಡಿದ ಸಂಗೀತವೂ ಯೂಟ್ಯೂಬ್ ಕೊಟ್ಟಿರುವ ಉದಾಹರಣೆಗಳಲ್ಲಿದೆ, ಹಾಗಾಗಿ ಹಿನ್ನೆಲೆ ಸಂಗೀತ ತಾನೇ ಅಂತ ಬಿಡಲಿಲ್ಲ. ವಿವರಣೆಯಲ್ಲಿ ಹಾಡಿದವರು ಸಂಘದ ಹಿರಿಯ ಸದಸ್ಯೆ, ಹಿನ್ನೆಲೆ ಕೊಳಲು ಎಐ ಟೂಲ್‌ನಿಂದ ಅಂತ ಎರಡು ಸಾಲು. ಅಜ್ಜಿಯ ಹಾಡನ್ನೂ ಎಐ ಅಂದುಕೊಳ್ಳುವವರು ಇರುತ್ತಾರೆ, ಅದಕ್ಕೇ ಆ ಸಾಲು ಬೇಕಿತ್ತು.

ಇನ್‌ಸ್ಟಾಗ್ರಾಮ್ ರೀಲ್‌ಗೆ ಹುಡುಗ ಒಂದು ಟ್ರೆಂಡಿಂಗ್ ಸಿನಿಮಾ ಹಾಡು ಹಾಕೋಣ ಅಂದ. ಸಂಘದ್ದು ಬಿಸಿನೆಸ್ ಖಾತೆ. ಅಂಥ ಖಾತೆಗಳಿಗೆ ಆ ಲೈಬ್ರರಿಯ ಹಾಡುಗಳು ಪೂರ್ತಿ ಸಿಗುವುದೂ ಇಲ್ಲ, ಸಿಕ್ಕಿದರೂ ಮಾರಾಟಕ್ಕೆ ಬಳಸುವ ಅನುಮತಿ ಅದರ ಜೊತೆ ಬರುವುದಿಲ್ಲ. ನಮ್ಮದೇ ಸಂಗೀತದ 30 ಸೆಕೆಂಡ್ ಕತ್ತರಿಸಿ ಹಾಕಿದೆವು. ಮೂರು ಬಾರ್‌ಗೆ 10 ಸೆಕೆಂಡ್ ಅನ್ನುವ ಲೆಕ್ಕ ಇಲ್ಲಿ ಮತ್ತೆ ಕೆಲಸಕ್ಕೆ ಬಂತು.

ತಿಂಗಳು ಮುಗಿದ ಮೇಲೆ ಚಂದಾ ನಿಲ್ಲಿಸಿದೆವು. ಆಮೇಲೆ ಸಂಘದವರು ಹಲಸಿನ ಹಪ್ಪಳದ ಮೇಲೆ ಇನ್ನೊಂದು ವಿಡಿಯೊ ಬೇಕು, ಅದೇ ಕೊಳಲು ಇರಲಿ ಅಂದರು. ಕೊಳಲಿನ ಭಾಗ ಬಳಸಬಹುದು, ಚಂದಾ ಇರುವಾಗ ಮಾಡಿದ್ದು, ಹಕ್ಕು ಉಳಿಯುತ್ತದೆ ಅಂತ ಪಿಡಿಎಫ್‌ನಲ್ಲಿದೆ. ಅಜ್ಜಿಯ ಹಾಡು ಬೇಕಾದರೆ ಹೊಸ ಪತ್ರ, ಹೊಸ ಹಣ, ಹಳೆಯ ಪತ್ರ ಅಪ್ಪೆಮಿಡಿ ವಿಡಿಯೊಗೆ ಮಾತ್ರ. ಹುಡುಗ ಅಷ್ಟರಲ್ಲಿ ಸಂಘದ ಖಾತೆಗೆ ಹೋಗಿ, ಅದೇ ತುಣುಕನ್ನು ಒಂದು ನಿಮಿಷ ಉದ್ದ ಮಾಡಲು Extend ಒತ್ತಲು ಹೊರಟಿದ್ದ. ಖಾತೆ ಈಗ ಉಚಿತ ಪ್ಲಾನ್‌ಗೆ ಇಳಿದಿದೆ. ಈಗ ಉದ್ದ ಮಾಡಿದರೆ ಆ ಹೊಸ ನಿಮಿಷ ಉಚಿತ ಪ್ಲಾನ್‌ನಲ್ಲಿ ಹುಟ್ಟಿದ್ದು. ನಿಲ್ಲಿಸಿದೆ. ಮೊದಲು ಡೌನ್‌ಲೋಡ್ ಮಾಡಿಟ್ಟ ಫೈಲ್‌ನಲ್ಲೇ 20 ಸೆಕೆಂಡಿನ ಒಂದು ಭಾಗವನ್ನು ಮೂರು ಸಲ ಅಂಟಿಸಿ ಒಂದು ನಿಮಿಷ ಮಾಡಿಕೊಂಡೆವು.